ವಿಷಯ: ಗುಣಮಟ್ಟ ಪರೀಕ್ಷಾ ಎಂಜಿನಿಯರ್ ಹುದ್ದೆ, ಮಾರ್ಚ್ 4ರ ಸಂದರ್ಶನದ ಬಗ್ಗೆ

ನಮಸ್ಕಾರ ಮೇಡಂ,

ಮಾರ್ಚ್ 4ರಂದು ನಿಮ್ಮ ಪೀಣ್ಯ ಘಟಕದಲ್ಲಿ ಎರಡನೇ ಸುತ್ತಿನ ಸಂದರ್ಶನಕ್ಕೆ ಬಂದಿದ್ದೆ. ಪಂಪ್ ಕವಚದ ನಕ್ಷೆಯನ್ನು ಮುಂದಿಟ್ಟು, ಈ ರಂಧ್ರದ ವ್ಯಾಸ ಅಳೆಯಲು ವರ್ನಿಯರ್ ಸಾಕೇ ಎಂದು ನೀವು ಕೇಳಿದಿರಿ. ಸಾಕು ಎಂದುಬಿಟ್ಟೆ. ಅಲ್ಲಿದ್ದ ಟಾಲರೆನ್ಸ್ 0.02 ಮಿ.ಮೀ.; ವರ್ನಿಯರ್‌ನ ಲೀಸ್ಟ್ ಕೌಂಟ್ ಕೂಡ ಅಷ್ಟೇ. ಬೋರ್ ಗೇಜ್ ಬೇಕಿತ್ತು ಎಂಬುದು ಬಸ್ ನಿಲ್ದಾಣ ತಲುಪುವ ಹೊತ್ತಿಗೆ ಹೊಳೆಯಿತು!

ಒಂದು ವಾರದಲ್ಲಿ ತಿಳಿಸುವುದಾಗಿ ನೇಮಕಾತಿ ವಿಭಾಗದವರು ಹೇಳಿದ್ದರು. 12 ಮತ್ತು 20ರಂದು ಅವರಿಗೆ ಇಮೇಲ್ ಕಳುಹಿಸಿದೆ, ಒಮ್ಮೆ ಕರೆಯನ್ನೂ ಮಾಡಿದೆ; ಉತ್ತರ ಸಿಕ್ಕಿಲ್ಲ. ಹಣಕಾಸು ವರ್ಷದ ಕೊನೆಯ ಗಡಿಬಿಡಿ ಇರಬಹುದು, ಅಥವಾ ಅವರು ರಜೆಯಲ್ಲಿರಬಹುದು. ಅವರ ಮೇಲೆ ದೂರು ಹೇಳುವ ಉದ್ದೇಶ ನನಗಿಲ್ಲ. ಅಂದು ನೀವು ಕೊಟ್ಟ ವಿಸಿಟಿಂಗ್ ಕಾರ್ಡ್‌ನಲ್ಲಿ ಈ ವಿಳಾಸ ಇದ್ದುದರಿಂದ ನಿಮಗೆ ಬರೆಯುತ್ತಿದ್ದೇನೆ.

ತುಮಕೂರಿನ ಇನ್ನೊಂದು ಕಾರ್ಖಾನೆ ನನಗೆ ಕೆಲಸ ಕೊಡಲು ಮುಂದಾಗಿದೆ. 31ರೊಳಗೆ ಅವರಿಗೆ ಉತ್ತರಿಸಬೇಕು. ಆದರೆ ನಿಮ್ಮಲ್ಲಿ ಪರೀಕ್ಷಾ ವಿಭಾಗದ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ ನನ್ನ ಒಲವು ಇಲ್ಲಿಗೇ.

ಈ ಹುದ್ದೆ ಇನ್ನೂ ಖಾಲಿ ಇದೆಯೇ ಎಂದಷ್ಟೇ ತಿಳಿಸಿದರೆ ಸಾಕು. ಆಯ್ಕೆ ಮುಗಿದಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಇದು ನಿಮ್ಮ ವ್ಯಾಪ್ತಿಗೆ ಬರದಿದ್ದರೆ ಯಾರನ್ನು ಕೇಳಬೇಕೆಂದು ಸೂಚಿಸಿ, ಅವರಿಗೇ ಬರೆಯುತ್ತೇನೆ. ಸ್ವವಿವರವನ್ನು ಮತ್ತೆ ಲಗತ್ತಿಸಿದ್ದೇನೆ. ಆಯ್ಕೆಯಾದರೆ 30 ದಿನಗಳ ನೋಟಿಸ್ ಅವಧಿ ಮುಗಿಸಿ ಸೇರಬಲ್ಲೆ.

ವಂದನೆಗಳೊಂದಿಗೆ,
ಮಂಜುನಾಥ, ತುಮಕೂರು