ಫೋನ್ ಚಿತ್ರಕ್ಕೆ ಸ್ಟುಡಿಯೊ ರೂಪ: ಸಣ್ಣ ಮಾರಾಟಗಾರರಿಗೆ ಪ್ರಾಂಪ್ಟ್ ಬರೆಯುವ ಕಿರು ಕೈಪಿಡಿ

ಫೋನಿನಲ್ಲಿ ತೆಗೆದ ಚಿತ್ರವನ್ನು ಎಐ ಚಿತ್ರ ಉಪಕರಣಕ್ಕೆ ಕೊಟ್ಟು, "ಇದನ್ನು ಸುಂದರವಾಗಿ, ವೃತ್ತಿಪರವಾಗಿ ಮಾಡು" ಎಂದಷ್ಟೇ ಬರೆದರೆ ಚಿತ್ರವೇನೋ ಸುಂದರವಾಗಿಯೇ ಬರುತ್ತದೆ; ಅದರಲ್ಲಿರುವುದು ನಿಮ್ಮ ವಸ್ತುವೇ ಎಂಬ ಭರವಸೆ ಮಾತ್ರ ಇರುವುದಿಲ್ಲ. ಇಂಥ ಉಪಕರಣಗಳಲ್ಲಿ ಅನೇಕವು ವಸ್ತುವನ್ನು ಕತ್ತರಿಸಿ ಬೇರೆ ಹಿನ್ನೆಲೆಗೆ ಅಂಟಿಸುವುದಿಲ್ಲ, ಇಡೀ ಚಿತ್ರವನ್ನು ಹೊಸದಾಗಿ ರಚಿಸುತ್ತವೆ. ಹಾಗೆ ರಚಿಸುವಾಗ ಚೀಲದ ಹೊಲಿಗೆಯ ಸಾಲೊಂದು ಮಾಯವಾಗಬಹುದು, ಮಗ್‌ನ ಹಿಡಿ ದಪ್ಪವಾಗಬಹುದು, ಲೇಬಲ್‌ನ ಅಕ್ಷರಗಳು ಯಾವ ಭಾಷೆಗೂ ಸೇರದ ಗೀಚುಗಳಾಗಬಹುದು. ಆದ್ದರಿಂದ ಪ್ರಾಂಪ್ಟ್‌ನ ಅಂದರೆ ಉಪಕರಣಕ್ಕೆ ಬರೆದು ಕೊಡುವ ಸೂಚನೆಯ ಮೊದಲ ಕೆಲಸ ಯಾವುದನ್ನು ಮುಟ್ಟಬಾರದು ಎಂದು ಹೇಳುವುದು. ಬೆಳಕು, ನೆಲ, ನೆರಳುಗಳ ಮಾತು ಅದರ ನಂತರದ್ದು.

ಪ್ರಾಂಪ್ಟ್ ಬರೆಯುವುದಕ್ಕೆ ಮುಂಚೆ ಮೂಲ ಚಿತ್ರ ಸರಿಯಾಗಿರಬೇಕು. ಫೋನಿನ ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಫ್ಲಾಶ್ ಆರಿಸಿ, ಕಿಟಕಿಯ ಪಕ್ಕದ ನೇರ ಬಿಸಿಲಿಲ್ಲದ ಬೆಳಕಿನಲ್ಲಿ ವಸ್ತುವನ್ನಿಡಿ. ಕೋಣೆಯ ಹಳದಿ ಬಲ್ಬು ಅದೇ ವೇಳೆಗೆ ಉರಿಯುತ್ತಿದ್ದರೆ ಒಂದು ಬದಿ ಹಳದಿಯಾಗಿಯೂ ಇನ್ನೊಂದು ಬದಿ ನೀಲಿಯಾಗಿಯೂ ಕಾಣುತ್ತದೆ, ಮತ್ತು ನಿಜವಾದ ಬಣ್ಣ ಯಾವುದೆಂದು ಉಪಕರಣಕ್ಕೆ ತಿಳಿಯುವ ದಾರಿಯೇ ಇರುವುದಿಲ್ಲ. ತೀರ ಹತ್ತಿರ ಹೋಗಿ ವೈಡ್ ಲೆನ್ಸಿನಲ್ಲಿ ತೆಗೆದರೆ ಮುಂಭಾಗ ಉಬ್ಬಿದಂತೆ ಕಾಣುವುದರಿಂದ, ಒಂದೆರಡು ಹೆಜ್ಜೆ ಹಿಂದೆ ಸರಿದು 2 ಪಟ್ಟು ಜೂಮ್‌ನಲ್ಲಿ ತೆಗೆಯುವುದು ಉತ್ತಮ. ಪೋರ್ಟ್ರೇಟ್ ಮೋಡ್ ಬೇಡ. ಅದು ವಸ್ತುವಿನ ಅಂಚುಗಳನ್ನೇ ಮಸುಕು ಮಾಡಿಬಿಡುತ್ತದೆ. ಮೆಸೇಜಿಂಗ್ ಆ್ಯಪ್‌ಗಳು ಚಿತ್ರವನ್ನು ಕುಗ್ಗಿಸುತ್ತವೆ, ಆದ್ದರಿಂದ ಅವುಗಳ ಮೂಲಕ ಬಂದ ಪ್ರತಿಯನ್ನು ಬಿಟ್ಟು ಫೋನಿನಲ್ಲಿರುವ ಮೂಲ ಫೈಲನ್ನೇ ಬಳಸಿ.

ಈಗ ಪ್ರಾಂಪ್ಟ್. ನೀಲಿ ಬಣ್ಣದ ಪಿಂಗಾಣಿ ಮಗ್ ಒಂದರ ಚಿತ್ರವಿದೆ ಎಂದುಕೊಳ್ಳೋಣ. ಅದಕ್ಕೆ ಹೀಗೆ ಬರೆಯಬಹುದು:

"ಈ ಚಿತ್ರದಲ್ಲಿರುವ ಮಗ್‌ನ ಆಕಾರ, ಅಳತೆಯ ಅನುಪಾತ, ನೀಲಿ ಬಣ್ಣ, ಬಾಯಿಯ ಅಂಚಿನ ಕಂದು ಗೆರೆ ಮತ್ತು ಮೇಲ್ಮೈಯ ಸಣ್ಣ ಚುಕ್ಕೆಗಳು ಇದ್ದ ಹಾಗೆಯೇ ಇರಲಿ. ಹಿನ್ನೆಲೆಯನ್ನು ಮಾತ್ರ ಬದಲಿಸು. ಮಗ್ ತಿಳಿ ಬೂದು ಬಣ್ಣದ ಮಟ್ಟಸವಾದ ಮೇಲ್ಮೈಯ ಮೇಲಿರಲಿ, ಹಿಂದೆ ಅದೇ ಬಣ್ಣದ ಖಾಲಿ ಗೋಡೆ ಇರಲಿ. ಎಡಗಡೆ ಮೇಲಿನಿಂದ ದೊಡ್ಡ ಸಾಫ್ಟ್‌ಬಾಕ್ಸ್‌ನ ಮೃದು ಬೆಳಕು ಬೀಳಲಿ, ಬಲಗಡೆ ತಳಕ್ಕೆ ಅಂಟಿಕೊಂಡ ತೆಳು ನೆರಳಿರಲಿ. ಕ್ಯಾಮೆರಾ ಮೂಲ ಚಿತ್ರದ ಎತ್ತರ ಮತ್ತು ಕೋನದಲ್ಲೇ ಇರಲಿ. ಚೌಕಾಕಾರದ ಚಿತ್ರ, ಮಗ್ ನಡುವೆ."

ಸಾಫ್ಟ್‌ಬಾಕ್ಸ್ ಎಂದರೆ ಬಿಳಿ ಪರದೆಯ ಮೂಲಕ ಬೆಳಕನ್ನು ಮೃದುವಾಗಿ ಹರಡುವ ಸ್ಟುಡಿಯೊ ದೀಪ. ಈ ಪ್ರಾಂಪ್ಟ್‌ನಲ್ಲಿ "ಸುಂದರ", "ಅದ್ಭುತ", "ಉನ್ನತ ಗುಣಮಟ್ಟದ" ಎಂಬ ಪದಗಳು ಎಲ್ಲಿಯೂ ಇಲ್ಲ. ಅವು ಏನನ್ನೂ ತೋರಿಸದ ಪದಗಳು. ಅವುಗಳನ್ನು ಓದಿದ ಉಪಕರಣ ತನಗೆ ತೋಚಿದ ಅಲಂಕಾರವನ್ನು ಸೇರಿಸುತ್ತದೆ. ಬೆಳಕು ಯಾವ ಕಡೆಯಿಂದ, ನೆರಳು ಎಲ್ಲಿ, ನೆಲ ಎಂಥದು ಎಂಬವು ಕಣ್ಣಿಗೆ ಕಾಣುವ ಸಂಗತಿಗಳು. ಅದರಲ್ಲೂ ತಳಕ್ಕೆ ಅಂಟಿದ ನೆರಳನ್ನು ಮರೆಯಬೇಡಿ. ಅದಿಲ್ಲದ ವಸ್ತು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ, ನೋಡಿದವರಿಗೆ ಕಾರಣ ಹೊಳೆಯದಿದ್ದರೂ ಚಿತ್ರ ಸುಳ್ಳೆನಿಸುತ್ತದೆ. ನೀವು ಕೇಳುವ ಬೆಳಕಿನ ದಿಕ್ಕು ಮೂಲ ಚಿತ್ರದ ಬೆಳಕಿನ ದಿಕ್ಕಿಗೆ ಹೊಂದಿಕೊಳ್ಳುವುದೂ ಅಷ್ಟೇ ಮುಖ್ಯ; ಕಿಟಕಿ ಎಡಕ್ಕಿದ್ದರೆ ಸಾಫ್ಟ್‌ಬಾಕ್ಸನ್ನೂ ಎಡಕ್ಕೇ ಕೇಳಿ.

ಬೆಳಕಿನ ಮಾತು ವಸ್ತುವಿನಿಂದ ವಸ್ತುವಿಗೆ ಬದಲಾಗಬೇಕು, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ನೇಯ್ದ ಬಟ್ಟೆ, ಚರ್ಮ, ಒರಟು ಮರಗಳಿಗೆ ಎದುರಿನಿಂದ ಬೆಳಕು ಬಿದ್ದರೆ ಮೇಲ್ಮೈ ಚಪ್ಪಟೆಯಾಗುತ್ತದೆ. "ಪಕ್ಕದಿಂದ ತಗ್ಗಿನ ಕೋನದಲ್ಲಿ ಬೀಳುವ ಮೃದು ಬೆಳಕು" ಎಂದು ಬರೆದರೆ ಎಳೆ ಎಳೆಯೂ ತನ್ನ ಸಣ್ಣ ನೆರಳಿನಿಂದ ಎದ್ದು ಕಾಣುತ್ತದೆ. ಗಾಜಿನ ಬಾಟಲಿಗೆ ಬೆಳಕು ಹಿಂದಿನಿಂದ ಬರಬೇಕು: "ಹಿಂದಿನಿಂದ ಹರಡಿದ ಬಿಳಿ ಬೆಳಕು, ಗಾಜಿನ ಎರಡೂ ಅಂಚುಗಳಲ್ಲಿ ತೆಳುವಾದ ಕಪ್ಪು ಗೆರೆ". ಆ ಕಪ್ಪು ಗೆರೆ ಇಲ್ಲದಿದ್ದರೆ ಬಿಳಿ ಹಿನ್ನೆಲೆಯಲ್ಲಿ ಗಾಜು ಕರಗಿಹೋಗುತ್ತದೆ. ಹೊಳೆಯುವ ಸ್ಟೀಲು ಎದುರಿಗಿದ್ದದ್ದನ್ನೆಲ್ಲ ಪ್ರತಿಫಲಿಸುತ್ತದೆ, ನಿಮ್ಮ ಕೋಣೆಯನ್ನೂ ಫೋನು ಹಿಡಿದ ಕೈಯನ್ನೂ ಸೇರಿಸಿ. ಅದಕ್ಕೆ "ಮೇಲ್ಮೈಯಲ್ಲಿ ಉದ್ದನೆಯ ಬಿಳಿ ಪಟ್ಟಿಯಂಥ ಪ್ರತಿಫಲನ ಮಾತ್ರ ಇರಲಿ" ಎಂದು ಹೇಳಿ. ತೆಗೆಯುವಾಗಲೇ ಎದುರಿಗೊಂದು ಬಿಳಿ ರಟ್ಟು ಹಿಡಿದರೆ ಉಪಕರಣಕ್ಕೆ ಅಳಿಸುವ ಕೆಲಸವೂ ಕಡಿಮೆಯಾಗುತ್ತದೆ.

ಬೇಡದ್ದನ್ನು ಹೇಳುವಾಗಲೂ ಎಚ್ಚರ ಬೇಕು. "ಹೂವು ಬೇಡ, ಕೈ ಬೇಡ" ಎಂದು ಬರೆದಾಗ ಕೆಲವು ಉಪಕರಣಗಳು ಆ ಹೆಸರುಗಳನ್ನಷ್ಟೇ ಹಿಡಿದುಕೊಂಡು ಹೂವನ್ನೂ ಕೈಯನ್ನೂ ತಂದಿಡುತ್ತವೆ. ಅದರ ಬದಲು "ಮೇಜಿನ ಮೇಲೆ ಚೀಲ ಒಂದೇ ಇದೆ, ಸುತ್ತ ಖಾಲಿ ಜಾಗವಿದೆ" ಎಂದು ಇರಬೇಕಾದುದನ್ನೇ ಹೇಳಿ. ಫಲಿತಾಂಶ ಸರಿಯಿಲ್ಲದಿದ್ದರೆ ಒಂದು ಸಲಕ್ಕೆ ಒಂದೇ ವಾಕ್ಯವನ್ನು ತಿದ್ದಿ, ಯಾವ ಪದದಿಂದ ಏನು ಬದಲಾಯಿತೆಂದು ಆಗ ಗೊತ್ತಾಗುತ್ತದೆ. ತಿದ್ದಿದ ಚಿತ್ರವನ್ನೇ ಮತ್ತೆ ಮತ್ತೆ ತಿದ್ದಿಸುತ್ತ ಹೋದರೆ ಪ್ರತಿ ಸುತ್ತಿನಲ್ಲೂ ವಸ್ತು ಸ್ವಲ್ಪ ಸ್ವಲ್ಪವೇ ಬೇರೆಯಾಗುತ್ತದೆ. ಪ್ರತಿ ಸಲವೂ ಮೂಲ ಫೋನ್ ಚಿತ್ರದಿಂದಲೇ ಆರಂಭಿಸಿ.

ಚಿತ್ರ ಬಂದ ಮೇಲೆ ಅದನ್ನು ಮೂಲದ ಪಕ್ಕದಲ್ಲಿಟ್ಟು, ದೊಡ್ಡದು ಮಾಡಿ, ಮೂಲೆಯಿಂದ ಮೂಲೆಗೆ ನೋಡಿ. ಗುಂಡಿಗಳನ್ನು ಎಣಿಸಿ. ಜಿಪ್‌ನ ಹಲ್ಲು, ಹೊಲಿಗೆಯ ಸಾಲು, ಮುಚ್ಚಳದ ಅಂಚುಗಳನ್ನು ಪರೀಕ್ಷಿಸಿ, ಲೇಬಲ್‌ನ ಪ್ರತಿ ಅಕ್ಷರವನ್ನೂ ಓದಿ. ಅಕ್ಷರವಿರುವ ವಸ್ತುಗಳ ವಿಷಯದಲ್ಲಿ ನಾನು ಪ್ರಾಂಪ್ಟ್‌ನ ಮೇಲೆ ಭಾರ ಹಾಕುವುದಿಲ್ಲ: ಹಿನ್ನೆಲೆಯ ಭಾಗವನ್ನು ಮಾತ್ರ ಗುರುತಿಸಿ ಬದಲಿಸುವ ಸೌಲಭ್ಯ ಉಪಕರಣದಲ್ಲಿದ್ದರೆ ಅದನ್ನು ಬಳಸುತ್ತೇನೆ, ಇಲ್ಲದಿದ್ದರೆ ಖಾಲಿ ಹಿನ್ನೆಲೆಯನ್ನಷ್ಟೇ ಮಾಡಿಸಿ, ಮೂಲ ಚಿತ್ರದಿಂದ ಕತ್ತರಿಸಿದ ವಸ್ತುವನ್ನು ಅದರ ಮೇಲೆ ಕೂರಿಸುತ್ತೇನೆ. ಬಣ್ಣವನ್ನು ಕೈಯಲ್ಲಿರುವ ವಸ್ತುವಿನೊಂದಿಗೇ ಹೋಲಿಸಿ ನೋಡಬೇಕು, ನೆನಪಿನ ಬಣ್ಣ ನಂಬಿಕೆಗೆ ಅರ್ಹವಲ್ಲ.

ಮಾರಾಟದ ತಾಣಗಳ ನಿಯಮಗಳನ್ನೂ ಪ್ರಾಂಪ್ಟ್‌ಗೆ ಸೇರಿಸಬೇಕಾಗುತ್ತದೆ. ಉದಾಹರಣೆಗೆ, ಅಮೆಜಾನ್‌ನಲ್ಲಿ ಮುಖ್ಯ ಚಿತ್ರದ ಹಿನ್ನೆಲೆ ಶುದ್ಧ ಬಿಳಿಯಾಗಿರಬೇಕು, ಅಂದರೆ ಕೆಂಪು, ಹಸಿರು, ನೀಲಿ ಮೂರರ ಮೌಲ್ಯವೂ 255 ಇರಬೇಕು, ಮತ್ತು ವಸ್ತು ಚೌಕಟ್ಟಿನ ಕನಿಷ್ಠ 85 ಶೇಕಡಾ ಭಾಗವನ್ನು ತುಂಬಿರಬೇಕು. "ಬಿಳಿ ಹಿನ್ನೆಲೆ" ಎಂದು ಬರೆದರೆ ಬರುವುದು ಹೆಚ್ಚಾಗಿ ಬೂದು ಛಾಯೆಯ ಬಿಳಿ. ಆದ್ದರಿಂದ ಕೊನೆಗೆ ಫೋಟೊ ಎಡಿಟರ್‌ನಲ್ಲಿ ಹಿನ್ನೆಲೆಯ ಬಣ್ಣವನ್ನು ಪರೀಕ್ಷಿಸಿ ಸರಿಪಡಿಸಿ. ಎಐ ರಚಿಸಿದ ಚಿತ್ರವೆಂದು ಸೂಚಿಸುವ ಮಾಹಿತಿಯನ್ನು ಫೈಲಿನಿಂದ ಅಳಿಸಬಾರದೆಂದು, ಮಾರಾಟಗಾರರು ತಮ್ಮ ವಸ್ತುಗಳನ್ನು ಗೂಗಲ್‌ನಲ್ಲಿ ತೋರಿಸಲು ಬಳಸುವ ಗೂಗಲ್ ಮರ್ಚೆಂಟ್ ಸೆಂಟರ್ ಹೇಳುತ್ತದೆ.

ಪೆಟ್ಟಿಗೆಯಲ್ಲಿ ಇಲ್ಲದ್ದನ್ನು ಚಿತ್ರದಲ್ಲಿ ಕೇಳಬೇಡಿ. ಮಗ್ ಒಂದನ್ನೇ ಮಾರುವವರು ಪಕ್ಕದಲ್ಲಿ ತಟ್ಟೆ, ಚಮಚ ಇಡಿಸಿದರೆ ಕೊಂಡವರು ಅವೆಲ್ಲಿ ಎಂದು ಕೇಳುವುದು ನ್ಯಾಯವೇ. ಗೀರು, ಗಂಟು, ಬಣ್ಣದ ಏರಿಳಿತ ವಸ್ತುವಿನಲ್ಲಿ ನಿಜವಾಗಿಯೂ ಇದ್ದರೆ "ಮೇಲ್ಮೈಯ ಗೀರು, ಗಂಟು, ಬಣ್ಣದ ಏರಿಳಿತ ಇದ್ದ ಹಾಗೆಯೇ ಇರಲಿ" ಎಂಬ ವಾಕ್ಯವನ್ನು ಪ್ರಾಂಪ್ಟ್‌ಗೆ ಸೇರಿಸಿ.

ಒಂದೇ ಬಗೆಯ ಹತ್ತಿಪ್ಪತ್ತು ವಸ್ತುಗಳಿದ್ದಾಗ ಬೆಳಕು, ನೆಲ, ಕೋನಗಳ ವಾಕ್ಯಗಳನ್ನು ಒಂದಕ್ಷರವೂ ಬದಲಿಸದೆ ಎಲ್ಲಕ್ಕೂ ಬಳಸಿ, ವಸ್ತುವನ್ನು ವಿವರಿಸುವ ಮೊದಲ ವಾಕ್ಯವನ್ನು ಮಾತ್ರ ಬದಲಿಸುತ್ತ ಹೋಗಿ. ಒಪ್ಪಿಗೆಯಾದ ಪ್ರಾಂಪ್ಟನ್ನು ಫೋನಿನ ನೋಟ್ಸ್‌ನಲ್ಲಿ ದಿನಾಂಕ ಮತ್ತು ಉಪಕರಣದ ಹೆಸರಿನೊಂದಿಗೆ ಬರೆದಿಡಿ, ಮೂಲ ಚಿತ್ರವನ್ನು ಬೇರೆ ಫೋಲ್ಡರ್‌ನಲ್ಲಿ ಉಳಿಸಿಡಿ; ಉಪಕರಣ ನವೀಕರಣಗೊಂಡಾಗ ಅದೇ ಮಾತಿಗೆ ಬೇರೆ ಚಿತ್ರ ಬರಬಹುದು, ಆಗ ಹೋಲಿಸಿ ನೋಡಲು ಇವೆರಡೂ ಬೇಕಾಗುತ್ತವೆ.