ಆಫರ್ ಲೆಟರ್ ಬಗ್ಗೆ: ಫಿಕ್ಸೆಡ್ ಪೇ ಮತ್ತು ಜಾಯಿನಿಂಗ್ ಬೋನಸ್ ಕುರಿತು ನನ್ನ ಕೋರಿಕೆ

ನಮಸ್ಕಾರ ಮೇಡಂ,

ಸಪ್ಲೈ ಚೈನ್ ಮ್ಯಾನೇಜರ್ ಹುದ್ದೆಯ ಆಫರ್ ಸೋಮವಾರ ಕೈಸೇರಿತು. ತುಂಬಾ ಖುಷಿಯಾಯಿತು. ಈ ಕೆಲಸಕ್ಕೆ ಬರಬೇಕು ಅನ್ನುವುದರಲ್ಲಿ ನನಗೆ ಎರಡು ಮನಸ್ಸಿಲ್ಲ. ಸಹಿ ಹಾಕುವ ಮೊದಲು ಸಂಬಳದ ವಿಷಯ ನೇರವಾಗಿ ಹೇಳಿಬಿಡುತ್ತೇನೆ.

ಆಫರ್‌ನಲ್ಲಿ ಸಿಟಿಸಿ 18 ಲಕ್ಷ ರೂಪಾಯಿ. ಅದರಲ್ಲಿ ಫಿಕ್ಸೆಡ್ 14.40 ಲಕ್ಷ, ವೇರಿಯಬಲ್ 2.40 ಲಕ್ಷ, ಉಳಿದ 1.20 ಲಕ್ಷ ಪಿಎಫ್ ಮತ್ತು ಗ್ರಾಚ್ಯುಟಿ. ಈಗ ನನ್ನ ಫಿಕ್ಸೆಡ್ 13.80 ಲಕ್ಷ. ಅಂದರೆ ತಿಂಗಳಿಗೆ ಜಾಸ್ತಿ ಆಗುವುದು 5,000 ರೂಪಾಯಿ, ಅದೂ ತೆರಿಗೆ ಕಳೆಯುವ ಮೊದಲು.

ಫಿಕ್ಸೆಡ್ ಪೇಯನ್ನು 16.20 ಲಕ್ಷಕ್ಕೆ ಏರಿಸಬೇಕೆಂದು ಕೇಳುತ್ತಿದ್ದೇನೆ. ಸುಮ್ನೆ ಹೇಳಿದ ಅಂಕಿ ಅಲ್ಲ ಇದು. ಮೊದಲು ಕಳಿಸಿದ ಕೆಲಸದ ವಿವರದಲ್ಲಿ ಎರಡು ಗೋಡೌನ್ ಇದ್ದವು. ಕೊನೆಯ ಸುತ್ತಿನಲ್ಲಿ ಮೂರನೆಯದೂ, ಅಲ್ಲಿನ ರಾತ್ರಿ ಡಿಸ್ಪ್ಯಾಚ್ ಕೂಡ ಸೇರಿತು. ರಾತ್ರಿ ಹನ್ನೊಂದಕ್ಕೆ ಲಾರಿ ಬಂದು ನಿಂತಾಗ ಇನ್‌ವಾಯ್ಸ್‌ನಲ್ಲಿರುವ ಪೆಟ್ಟಿಗೆಗೂ ರ‍್ಯಾಕ್‌ನಲ್ಲಿರುವ ಪೆಟ್ಟಿಗೆಗೂ ತಾಳೆಯಾಗದಿದ್ದರೆ ಫೋನ್ ಬರುವುದು ಮ್ಯಾನೇಜರ್‌ಗೇ. ಒಂಬತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ, ಮೂರನೆಯದನ್ನೂ ಸಂತೋಷದಿಂದ ನೋಡಿಕೊಳ್ಳುತ್ತೇನೆ. ಆದರೆ ಆಫರ್‌ನ ಅಂಕಿ ಎರಡು ಗೋಡೌನ್ ಇದ್ದಾಗಿನದೇ ಇದೆ, ಅಲ್ವಾ?

ಬಜೆಟ್ ಬಿಗಿಯಾಗಿದ್ದರೆ ವೇರಿಯಬಲ್‌ನಲ್ಲಿ 1 ಲಕ್ಷವನ್ನು ಫಿಕ್ಸೆಡ್‌ಗೆ ಸೇರಿಸಿ. ಆಗ ಹೊಸದಾಗಿ ಕೊಡಬೇಕಾದದ್ದು 80,000 ಮಾತ್ರ. ಸಿಟಿಸಿ 18.80 ಲಕ್ಷ ಆಗುತ್ತದೆ. ಬೇಸಿಕ್ ಏರಿದರೆ ಪಿಎಫ್ ಸ್ವಲ್ಪ ಹೆಚ್ಚಬಹುದು, ಆ ಲೆಕ್ಕ ನಿಮ್ಮ ಪೇರೋಲ್‌ನವರಿಗೇ ಚೆನ್ನಾಗಿ ಗೊತ್ತು. ಹಿಂದೊಂದು ಕಂಪನಿಯಲ್ಲಿ ನನ್ನ ಟಾರ್ಗೆಟ್ ಪೂರ್ತಿ ಮುಗಿಸಿದರೂ ವೇರಿಯಬಲ್ ಬಂದದ್ದು ನೂರಕ್ಕೆ ನಲವತ್ತು. ಆ ವರ್ಷ ಮನೆ ಸಾಲದ ಕಂತಿಗೆ ಆರ್‌ಡಿ ಮುರಿಸಬೇಕಾಯಿತು. ಅಂದಿನಿಂದ ಫಿಕ್ಸೆಡ್ ಎಷ್ಟು ಅಂತಲೇ ಮೊದಲು ನೋಡುತ್ತೇನೆ.

ಇನ್ನು ಜಾಯಿನಿಂಗ್ ಬೋನಸ್. ಅದಕ್ಕೆ 2.50 ಲಕ್ಷ ಕೇಳುತ್ತಿದ್ದೇನೆ. ನನ್ನ ನೋಟಿಸ್ 60 ದಿನ, ನೀವು 30 ದಿನದಲ್ಲಿ ಬರಲು ಹೇಳಿದ್ದೀರಿ. ಉಳಿದ ತಿಂಗಳ ಬೈಔಟ್‌ಗೆ ನಾನು ಕಟ್ಟಬೇಕಾದದ್ದು 1.15 ಲಕ್ಷ. ಈಗ ಬಿಟ್ಟರೆ ವರ್ಷದ ಬೋನಸ್ 1.60 ಲಕ್ಷವೂ ಕೈತಪ್ಪುತ್ತದೆ. ಒಟ್ಟು 2.75 ಲಕ್ಷ. ಒಂದು ವರ್ಷದೊಳಗೆ ನಾನಾಗಿ ಬಿಟ್ಟರೆ ಬೋನಸ್ ವಾಪಸ್ ಕೊಡುವ ಷರತ್ತಿಗೆ ಒಪ್ಪಿಗೆ ಇದೆ. ಬೈಔಟ್ ಅನ್ನು ನೀವೇ ಭರಿಸುವುದಾದರೆ ಬೋನಸ್ 1.35 ಲಕ್ಷ ಸಾಕು.

ಬೇರೆ ಯಾವ ಷರತ್ತಿಗೂ ನನ್ನ ತಕರಾರಿಲ್ಲ. ಈ ಎರಡು ತಿದ್ದುಪಡಿ ಮಾಡಿ ಲೆಟರ್ ಕಳಿಸಿದರೆ ಅದೇ ದಿನ ಸಹಿ ಹಾಕಿ, ಇಲ್ಲಿ ರಾಜೀನಾಮೆ ಕೊಡುತ್ತೇನೆ. ಆಫರ್‌ನ ಗಡುವು ಶುಕ್ರವಾರ. ಗುರುವಾರ ಬೆಳಿಗ್ಗೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಬಹುದಾ?

ವಂದನೆಗಳೊಂದಿಗೆ,
ಸುಮಾ