ವಿಷಯ: ವೆಂಡರ್ ನೋಂದಣಿಗೆ ಅರ್ಜಿ – ಮೆಷಿನಿಂಗ್ ಮಾಡಿದ ಕಾಸ್ಟಿಂಗ್ ಬಿಡಿಭಾಗಗಳು, ಉದ್ಯಮಬಾಗ, ಬೆಳಗಾವಿ

ಗೆ,
ಮುಖ್ಯಸ್ಥರು,
ಖರೀದಿ ವಿಭಾಗ, ಪಂಪ್ ಘಟಕ,
ಬೆಂಗಳೂರು

ಮಾನ್ಯರೇ,

ನಮಸ್ಕಾರ. ಕಳೆದ ಮಂಗಳವಾರ ನಿಮ್ಮ ವಿಭಾಗದವರು ಫೋನ್ ಮಾಡಿ ವೆಂಡರ್ ನೋಂದಣಿ ಫಾರಂ ಕಳಿಸಿಕೊಟ್ಟರು. ಫಾರಂ ಇಂಗ್ಲಿಷಿನಲ್ಲಿ ತುಂಬಿ, ಜೊತೆಗಿನ ಪತ್ರ ಕನ್ನಡದಲ್ಲೇ ಇರಲಿ ಅಂದರು. ಹಾಗೇ ಮಾಡಿದ್ದೇವೆ. ತುಂಬಿದ ಫಾರಂ, ದಾಖಲೆಗಳ ಪ್ರತಿ ಎರಡೂ ಈ ಮೇಲ್ ಜೊತೆಗಿವೆ. ಫಾರಂನ ಚೌಕಗಳಲ್ಲಿ ಹಿಡಿಸದ ಕೆಲವು ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸಂಸ್ಥೆ ತುಂಗಭದ್ರಾ ಟರ್ನ್ಡ್ ಪಾರ್ಟ್ಸ್. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಶೆಡ್ ಇದೆ. 1994ರಲ್ಲಿ ನಮ್ಮ ತಂದೆ ಒಂದು ಹಳೆಯ ಲೇಥ್ ಇಟ್ಟುಕೊಂಡು ಶುರು ಮಾಡಿದರು. ಈಗ ನಾನು ಮತ್ತು ನನ್ನ ತಮ್ಮ ಪಾಲುದಾರರು. ಎರಡು ಸಿಎನ್‌ಸಿ ಲೇಥ್, ಒಂದು ವಿಎಂಸಿ, ಮೂರು ಸಾದಾ ಲೇಥ್, ಒಂದು ರೇಡಿಯಲ್ ಡ್ರಿಲ್ ಇವೆ. 14 ಜನ ಕೆಲಸಗಾರರು. ಅವರಲ್ಲಿ ಐವರು ತಂದೆಯವರ ಕಾಲದಿಂದ ಇರುವವರು.

ನಾವು ಮಾಡುವುದು ಬೇರಿಂಗ್ ಹೌಸಿಂಗ್, ಫ್ಲ್ಯಾಂಜ್, ಕಪ್ಲಿಂಗ್, ಪಂಪಿನ ಕವರ್. ಕಾಸ್ಟಿಂಗ್ ನಮ್ಮದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಬೀದಿ ಆಚೆ ಇರುವ ಫೌಂಡ್ರಿಯಿಂದ ತರುತ್ತೇವೆ. ಗ್ರೇ ಐರನ್ ಐಎಸ್ 210ರ ಪ್ರಕಾರ ಎಫ್‌ಜಿ 220 ಮತ್ತು 260, ಎಸ್‌ಜಿ ಐರನ್ ಐಎಸ್ 1865ರ ಪ್ರಕಾರ 400/15 ಮತ್ತು 500/7. ಪ್ರತಿ ಹೀಟ್‌ಗೂ ಸ್ಪೆಕ್ಟ್ರೋ ರಿಪೋರ್ಟ್ ತೆಗೆದುಕೊಳ್ಳುತ್ತೇವೆ. ಹೀಟ್ ನಂಬರ್ ಕಾಸ್ಟಿಂಗ್ ಮೇಲೆ ಪಂಚ್ ಆಗಿರದಿದ್ದರೆ ಶೆಡ್ ಒಳಗೇ ಇಳಿಸಿಕೊಳ್ಳುವುದಿಲ್ಲ. ನಿಮಗೆ ಬರುವ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಅದೇ ನಂಬರ್ ಇರುತ್ತದೆ. ಬೇಕಾದರೆ ಕೈಯಲ್ಲಿ ಪೀಸ್ ಹಿಡಿದು ತಾಳೆ ನೋಡಬಹುದು.

ನಮ್ಮಲ್ಲಿ ಇಲ್ಲದ್ದನ್ನೂ ಹೇಳಬೇಕಲ್ವಾ? ಪ್ಲೇಟಿಂಗ್ ಇಲ್ಲ, ಪೌಡರ್ ಕೋಟಿಂಗ್ ಇಲ್ಲ. ಸಿಎಂಎಂ ಯಂತ್ರ ನಮ್ಮದಿಲ್ಲ. ಮೊದಲ ಪೀಸಿನ ಪೂರ್ಣ ತಪಾಸಣೆಗೆ ಹೊರಗಿನ ಲ್ಯಾಬಿಗೆ ಕಳಿಸುತ್ತೇವೆ, ಅದಕ್ಕೆ ಎರಡು ದಿನ ಜಾಸ್ತಿ ಹಿಡಿಯುತ್ತದೆ. 320 ಎಂಎಂಗಿಂತ ದೊಡ್ಡ ವ್ಯಾಸದ ಕೆಲಸ ನಮ್ಮ ಯಂತ್ರಗಳಲ್ಲಿ ಕೂರುವುದಿಲ್ಲ. ನಿಮ್ಮ ಪಟ್ಟಿಯ ಒಂಬತ್ತು ಭಾಗಗಳಲ್ಲಿ ಏಳಕ್ಕೆ ಮಾತ್ರ ದರ ಕೊಟ್ಟಿರುವುದು ಇದೇ ಕಾರಣಕ್ಕೆ. ಉಳಿದ ಎರಡನ್ನು ಬೇರೆಯವರ ಹತ್ತಿರ ಮಾಡಿಸಿ ನಮ್ಮ ಹೆಸರಿನಲ್ಲಿ ಕೊಡಲು ಮನಸ್ಸಾಗಲಿಲ್ಲ.

ಈಗ ದಾಖಲೆಗಳ ವಿಷಯ. ಪಾಲುದಾರಿಕೆ ಪತ್ರ, ಸಂಸ್ಥೆಯ ಪ್ಯಾನ್, ಜಿಎಸ್‌ಟಿ ನೋಂದಣಿ, ಉದ್ಯಮ್ ಪ್ರಮಾಣಪತ್ರ, ಕಾರ್ಖಾನೆ ಲೈಸೆನ್ಸ್, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ, ರದ್ದು ಮಾಡಿದ ಚೆಕ್, ಎಲ್ಲವೂ ಇವೆ. ಎಲ್ಲದರಲ್ಲೂ ಹೆಸರು, ವಿಳಾಸ ಒಂದೇ ರೀತಿ ಇವೆ. ಹಳೆಯ ವಿದ್ಯುತ್ ಬಿಲ್ ಒಂದರಲ್ಲಿ ಮಾತ್ರ ತಂದೆಯವರ ಹೆಸರಿದೆ. ಅದಕ್ಕೆ ಅವರ ಒಪ್ಪಿಗೆ ಪತ್ರ ಸೇರಿಸಿದ್ದೇವೆ. ಬ್ಯಾಂಕ್ ಖಾತೆ ವಿವರವನ್ನು ಮೇಲ್‌ನಲ್ಲಿ ಬರೆದಿಲ್ಲ. ಚೆಕ್ಕಿನ ಪ್ರತಿಯಲ್ಲಿರುವುದೇ ನಮ್ಮ ಖಾತೆ. ಮುಂದೆ ಯಾರಾದರೂ ನಮ್ಮ ಹೆಸರಿನಲ್ಲಿ "ಖಾತೆ ಬದಲಾಗಿದೆ" ಅಂತ ಮೇಲ್ ಮಾಡಿದರೆ ದಯವಿಟ್ಟು ನಂಬಬೇಡಿ. ಫಾರಂನಲ್ಲಿರುವ ನಂಬರಿಗೆ ಫೋನ್ ಮಾಡಿ ನನ್ನನ್ನೇ ಕೇಳಿ.

ಜಿಎಸ್‌ಟಿ ಬಗ್ಗೆ ಎರಡು ಮಾತು. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ನಮ್ಮ ವಹಿವಾಟು 2 ಕೋಟಿ 84 ಲಕ್ಷ ರೂಪಾಯಿ. ಹಿಂದಿನ ಯಾವ ವರ್ಷವೂ 5 ಕೋಟಿ ದಾಟಿಲ್ಲ. ಆದ್ದರಿಂದ ಇ-ಇನ್‌ವಾಯ್ಸ್ ನಮಗೆ ಅನ್ವಯಿಸುವುದಿಲ್ಲ. ಅದರ ಘೋಷಣಾ ಪತ್ರ ಸಹಿ ಹಾಕಿ ಕಳಿಸಿದ್ದೇವೆ. ನಮ್ಮಷ್ಟು ವಹಿವಾಟು ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸಬಹುದು. ಆದರೆ ನಾವು ತಿಂಗಳು ತಿಂಗಳು ಸಲ್ಲಿಸುತ್ತೇವೆ. ನಾವು 11ರೊಳಗೆ ಜಿಎಸ್‌ಟಿಆರ್-1 ಹಾಕಿದರೆ ನಮ್ಮ ಬಿಲ್ 14ಕ್ಕೆ ನಿಮ್ಮ 2ಬಿಯಲ್ಲಿ ಕಾಣುತ್ತದೆ. ಕಾಣದಿದ್ದರೆ ನಿಮಗೆ ತೆರಿಗೆ ಕ್ರೆಡಿಟ್ ಸಿಗುವುದಿಲ್ಲ, ನಿಮ್ಮ ಅಕೌಂಟ್ಸ್‌ನವರು ನಮ್ಮ ಹಣ ತಡೆಹಿಡಿಯುತ್ತಾರೆ. ಕಳೆದ 12 ತಿಂಗಳ ರಿಟರ್ನ್ ಸಲ್ಲಿಸಿದ ದಿನಾಂಕಗಳ ಪುಟವನ್ನು ಪೋರ್ಟಲ್‌ನಿಂದಲೇ ತೆಗೆದು ಲಗತ್ತಿಸಿದ್ದೇವೆ.

ಕೆಲಸಗಾರರ ವಿಷಯ ನನಗೆ ಮುಖ್ಯ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. 14 ಜನರಲ್ಲಿ 11 ಜನ ಇಎಸ್‌ಐ ಅಡಿಯಲ್ಲಿದ್ದಾರೆ. ಉಳಿದ ಮೂವರ ಸಂಬಳ ತಿಂಗಳಿಗೆ 21,000 ರೂಪಾಯಿ ಮೀರಿದ್ದರಿಂದ ಅವರಿಗೆ ಇಎಸ್‌ಐ ಬರುವುದಿಲ್ಲ. ಅವರಿಗೆ ನಾವೇ ಗುಂಪು ಆರೋಗ್ಯ ವಿಮೆ ಮಾಡಿಸಿದ್ದೇವೆ. ಪಿಎಫ್ ಕಡ್ಡಾಯವಾಗುವುದು 20 ಜನರಾದ ಮೇಲೆ. ನಾವು 2019ರಲ್ಲಿ ಕೆಲಸಗಾರರನ್ನೆಲ್ಲ ಕೇಳಿ ಸ್ವಇಚ್ಛೆಯಿಂದ ಸೇರಿಕೊಂಡೆವು. ವಯಸ್ಸಾದ ಮೇಲೆ ಕೈ ಖಾಲಿಯಾಗಿ ಮನೆಗೆ ಹೋದ ಕೆಲಸಗಾರರನ್ನು ಉದ್ಯಮಬಾಗದಲ್ಲಿ ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕಳೆದ ಆರು ತಿಂಗಳ ಚಲನ್‌ಗಳು ಹೆಸರಿನ ಪಟ್ಟಿ ಸಮೇತ ಇವೆ. 18 ವರ್ಷದೊಳಗಿನವರು ಒಬ್ಬರೂ ಇಲ್ಲ. ಬಳಸಿದ ಕೂಲೆಂಟ್ ಮತ್ತು ಎಣ್ಣೆಯನ್ನು ಚರಂಡಿಗೆ ಬಿಡುವುದಿಲ್ಲ. ಡ್ರಮ್‌ನಲ್ಲಿ ತುಂಬಿಟ್ಟು ಮಂಡಳಿಯ ಪರವಾನಗಿ ಇರುವ ಮರುಬಳಕೆದಾರರಿಗೆ ಕೊಡುತ್ತೇವೆ, ರಸೀದಿ ಇಟ್ಟಿದ್ದೇವೆ.

ಐಎಸ್‌ಒ 9001:2015 ಪ್ರಮಾಣಪತ್ರ 2027ರ ಮಾರ್ಚ್‌ವರೆಗೆ ಇದೆ. ಮೈಕ್ರೋಮೀಟರ್, ಬೋರ್ ಗೇಜ್, ಪ್ಲಗ್ ಗೇಜ್ ಎಲ್ಲವನ್ನೂ ವರ್ಷಕ್ಕೊಮ್ಮೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನಲ್ಲಿ ಕ್ಯಾಲಿಬ್ರೇಷನ್ ಮಾಡಿಸುತ್ತೇವೆ. ನಿಮ್ಮ ಡ್ರಾಯಿಂಗಿನಲ್ಲಿ 6206 ಬೇರಿಂಗ್ ಕೂರುವ ಬೋರ್ 62 ಎಂಎಂ, ಎಚ್7. ಅಂದರೆ 62.000ದಿಂದ 62.030ರೊಳಗೆ ಬರಬೇಕು. ಈ ಅಳತೆಯನ್ನು ನಾವು ನೂರಕ್ಕೆ ನೂರು ಪೀಸ್ ನೋಡುತ್ತೇವೆ, ಸ್ಯಾಂಪಲ್ ತೆಗೆದು ಬಿಡುವುದಿಲ್ಲ. ಉಳಿದ ಅಳತೆಗಳಿಗೆ ನಿಮ್ಮ ಸ್ಯಾಂಪ್ಲಿಂಗ್ ಪಟ್ಟಿ ಏನಿದೆಯೋ ಅದರಂತೆ ನಡೆಯುತ್ತೇವೆ.

ಫಾರಂನಲ್ಲಿ "ಕಳೆದ ಐದು ವರ್ಷದಲ್ಲಿ ದೊಡ್ಡ ರಿಜೆಕ್ಷನ್ ಆಗಿದೆಯೇ" ಎಂಬ ಪ್ರಶ್ನೆ ಇದೆ. ಆಗಿದೆ. 2022ರಲ್ಲಿ ಒಬ್ಬ ಗಿರಾಕಿಗೆ 240 ಫ್ಲ್ಯಾಂಜ್ ಕಳಿಸಿದೆವು. ಅವರು ತೂತಿನ ಪಿಸಿಡಿಯನ್ನು 125ರಿಂದ 130ಕ್ಕೆ ಬದಲಿಸಿ ಹೊಸ ಡ್ರಾಯಿಂಗ್ ಕೊಟ್ಟಿದ್ದರು. ಯಂತ್ರದ ಪಕ್ಕ ಹಳೆಯದೇ ಅಂಟಿಸಿತ್ತು. ಇಡೀ ಲಾಟ್ ವಾಪಸ್ ಬಂತು. ತಪ್ಪು ಪೂರ್ತಿ ನಮ್ಮದೇ. ಹೊಸ ಕಾಸ್ಟಿಂಗ್ ತಂದು 11 ದಿನದಲ್ಲಿ ನಮ್ಮ ಖರ್ಚಿನಲ್ಲೇ ಮಾಡಿಕೊಟ್ಟೆವು. ಆವತ್ತಿನಿಂದ ಹೊಸ ಡ್ರಾಯಿಂಗ್ ಬಂದ ದಿನವೇ ಹಳೆಯದನ್ನು ಶಾಪ್‌ನಿಂದ ವಾಪಸ್ ತೆಗೆದುಕೊಂಡು, ಎಣಿಸಿ, ಹರಿದು ಹಾಕುತ್ತೇವೆ. ರಿವಿಷನ್ ನಂಬರನ್ನು ಜಾಬ್ ಕಾರ್ಡಿನಲ್ಲಿ ಆಪರೇಟರ್ ತನ್ನ ಕೈಯಿಂದಲೇ ಬರೆಯಬೇಕು. ಬರೆಯದಿದ್ದರೆ ಕಾಸ್ಟಿಂಗ್ ಕೊಡುವುದಿಲ್ಲ. ಆ ಗಿರಾಕಿ ಇವತ್ತಿಗೂ ನಮ್ಮ ಜೊತೆಗಿದ್ದಾರೆ. ಅವರ ಪತ್ರವೂ ಲಗತ್ತಿನಲ್ಲಿದೆ.

ಇನ್ನೊಂದು ಪ್ರಶ್ನೆ, ನಿಮ್ಮ ಕಂಪನಿಯಲ್ಲಿ ಸಂಬಂಧಿಕರು ಇದ್ದಾರೆಯೇ ಎಂದು. ನನ್ನ ಸೋದರಮಾವನ ಮಗ ನಿಮ್ಮ ಇನ್ನೊಂದು ಘಟಕದ ಸ್ಟೋರ್ಸ್‌ನಲ್ಲಿದ್ದಾರೆ. ಖರೀದಿಗೂ ಅವರಿಗೂ ಸಂಬಂಧ ಇಲ್ಲ, ಈ ಅರ್ಜಿ ಹಾಕುತ್ತಿರುವುದೂ ಅವರಿಗೆ ಗೊತ್ತಿಲ್ಲ. ಆದರೂ "ಹೌದು" ಅಂತಲೇ ತುಂಬಿದ್ದೇನೆ. ಆಮೇಲೆ ಯಾರಿಗೂ ಮುಜುಗರ ಆಗಬಾರದು.

ಒಂದು ಕೋರಿಕೆ ಇದೆ. ನಿಮ್ಮ ಷರತ್ತುಗಳಲ್ಲಿ ಹಣ ಪಾವತಿಗೆ 60 ದಿನ ಅಂತಿದೆ. ಉದ್ಯಮ್ ಪ್ರಮಾಣಪತ್ರದ ಪ್ರಕಾರ ನಾವು ತಯಾರಿಕಾ ವಲಯದ ಅತಿ ಸಣ್ಣ ಘಟಕ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಮಾಲು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ತಡವಾದರೆ ಆದಾಯ ತೆರಿಗೆ ಲೆಕ್ಕದಲ್ಲಿ ನಿಮಗೂ ತೊಡಕು, ಆ ಖರ್ಚು ಹಣ ಕೊಟ್ಟ ವರ್ಷಕ್ಕೇ ಹೋಗುತ್ತದೆ. ಇದನ್ನು ವಾದಕ್ಕೆ ಹೇಳುತ್ತಿಲ್ಲ. ಫೌಂಡ್ರಿಯವರಿಗೆ ನಾವು 30 ದಿನದಲ್ಲಿ ಕೊಡಬೇಕು, ಸಂಬಳ 7ನೇ ತಾರೀಖಿಗೆ. ನಡುವಿನ ಅಂತರ ಜಾಸ್ತಿಯಾದಷ್ಟೂ ಬ್ಯಾಂಕ್ ಬಡ್ಡಿ ನಿಮ್ಮ ದರದಲ್ಲೇ ಸೇರಿಸಬೇಕಾಗುತ್ತದೆ. ಆದ್ದರಿಂದ ನಮ್ಮ ವೆಂಡರ್ ಕೋಡ್ ತೆರೆಯುವಾಗಲೇ 45 ದಿನ ಎಂದು ಹಾಕಿಸಿದರೆ ದೊಡ್ಡ ಉಪಕಾರ. ನೀವು ಟ್ರೆಡ್ಸ್ ವೇದಿಕೆಯಲ್ಲಿ ಬಿಲ್ ಒಪ್ಪುವುದಾದರೆ ಅದಕ್ಕೂ ನಾವು ತಯಾರಿದ್ದೇವೆ.

ಮಾಲು ಸಾಗಿಸುವ ಬಗ್ಗೆ. ಬೆಳಗಾವಿಯಿಂದ ನಿಮ್ಮ ಗೇಟಿಗೆ ಸುಮಾರು 500 ಕಿಲೋಮೀಟರ್. ಸಂಜೆ ಲೋಡ್ ಆದ ಲಾರಿ ಮರುದಿನ ಬೆಳಿಗ್ಗೆ ಬರುತ್ತದೆ. ಇಲ್ಲಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆಷಿನ್ ಮಾಡಿದ ಮುಖ ಬರಿದಾಗಿ ಒಂದು ರಾತ್ರಿ ಇದ್ದರೂ ತುಕ್ಕು ಕೂರುತ್ತದೆ. ಅದಕ್ಕೇ ಯಂತ್ರದಿಂದ ಇಳಿದ ಪೀಸನ್ನು ಅದೇ ಪಾಳಿಯಲ್ಲಿ ತೊಳೆದು, ತುಕ್ಕು ತಡೆಯುವ ಎಣ್ಣೆ ಹಚ್ಚಿ, ವಿಸಿಐ ಕವರಿಗೆ ಹಾಕುತ್ತೇವೆ. ದರದಲ್ಲಿ ಆ ಖರ್ಚೂ ಸೇರಿದೆ. ಪ್ಯಾಟರ್ನ್ ನಿಮ್ಮ ಸ್ವತ್ತು. ನಿಮ್ಮ ಭಾಗದ ನಂಬರ್ ಬರೆದು ಬೇರೆ ಕಪಾಟಿನಲ್ಲಿಡುತ್ತೇವೆ. ಕೇಳಿದ ದಿನ ವಾಪಸ್ ಕೊಡುತ್ತೇವೆ.

ಮೊದಲೇ ದೊಡ್ಡ ಆರ್ಡರ್ ಕೊಡಿ ಅಂತ ಕೇಳುವುದಿಲ್ಲ. ಬೇರಿಂಗ್ ಹೌಸಿಂಗ್ ಒಂದನ್ನೇ 10 ಪೀಸ್ ಮಾಡಿ, ಸಿಎಂಎಂ ರಿಪೋರ್ಟ್ ಮತ್ತು ಟೆಸ್ಟ್ ಸರ್ಟಿಫಿಕೇಟ್ ಸಮೇತ ಕಳಿಸುತ್ತೇವೆ. ಪ್ಯಾಟರ್ನ್ ಕೈಗೆ ಸಿಕ್ಕ ದಿನದಿಂದ 18 ದಿನ ಬೇಕು. ಸರಿ ಅನ್ನಿಸಿದರೆ ಮುಂದಿನ ಮಾತು. ಅದಕ್ಕೂ ಮೊದಲು ನಿಮ್ಮ ಕ್ವಾಲಿಟಿಯವರು ಶೆಡ್ ನೋಡುವುದಾದರೆ ಯಾವ ದಿನವಾದರೂ ಬರಲಿ, ಮುಂಚೆ ತಿಳಿಸಬೇಕೆಂದೇನೂ ಇಲ್ಲ. ಮಂಗಳವಾರ ಮಾತ್ರ ವಾರದ ರಜೆ, ಯಂತ್ರ ಓಡುವುದಿಲ್ಲ. ಮೂಲ ದಾಖಲೆಗಳೆಲ್ಲ ಆಫೀಸಿನಲ್ಲೇ ಇವೆ, ಆಗಲೇ ತಾಳೆ ನೋಡಬಹುದು.

ಯಾವುದಾದರೂ ಕಾಗದ ಕಡಿಮೆ ಇದ್ದರೆ, ಸ್ಕ್ಯಾನ್ ಮಸುಕಾಗಿದ್ದರೆ ಒಂದು ಸಾಲು ಬರೆಯಿರಿ. ಅದೇ ದಿನ ಕಳಿಸುತ್ತೇನೆ.

ವಂದನೆಗಳೊಂದಿಗೆ,

ಸುನಂದಾ ಹಿರೇಮಠ
ಪಾಲುದಾರರು, ತುಂಗಭದ್ರಾ ಟರ್ನ್ಡ್ ಪಾರ್ಟ್ಸ್
ಉದ್ಯಮಬಾಗ, ಬೆಳಗಾವಿ